ಸ್ಕ್ಯಾನಿಂಗ್‌ಗೆ ಮುಂಚೆ ಎಷ್ಟು ನೀರು, ಯಾವಾಗ?

ಸ್ಕ್ಯಾನಿಂಗ್ ಕೋಣೆಯ ಹೊರಗಿನ ಬೆಂಚಿನಲ್ಲಿ ಎರಡು ಬಗೆಯ ಗರ್ಭಿಣಿಯರನ್ನು ದಿನವೂ ನೋಡುತ್ತೇನೆ. ಬೆಳಗ್ಗೆ ಎದ್ದಾಗಿನಿಂದ ಮೂತ್ರ ಮಾಡದೆ, ಮೇಲಿಂದ ಎರಡು ಬಾಟಲಿ ನೀರು ಕುಡಿದು, ಕಾಲು ಬಿಗಿ ಹಿಡಿದು ಕೂತವರು ಒಂದು ಬಗೆ. ಹೆಸರು ಕರೆದ ಮೇಲೆ ಬಾಟಲಿ ಎತ್ತಿ ಗಟಗಟನೆ ಕುಡಿದು ಒಳಗೆ ಬರುವವರು ಇನ್ನೊಂದು ಬಗೆ. ಇಬ್ಬರಿಗೂ ಯಾರೋ ‘ನೀರು ಕುಡಿದು ಹೋಗು’ ಎಂದಿದ್ದಾರೆ. ಎಷ್ಟು ಕುಡಿಯಬೇಕು, ಎಷ್ಟು ಹೊತ್ತು ಮುಂಚೆ, ಯಾವ ತಿಂಗಳ ಸ್ಕ್ಯಾನಿಗೆ ಎಂದು ಯಾರೂ ಬಿಡಿಸಿ ಹೇಳಿಲ್ಲ. ಬಸುರಿಯರು ಸುಮ್ಮನೆ ಹಿಂಸೆ ಪಡುವುದನ್ನು ನೋಡಿ ನನಗೆ ಬೇಸರವಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಬ್ಲಾಡರ್ ಅತಿಯಾಗಿ ತುಂಬಿದ್ದರೆ ರಿಪೋರ್ಟೇ ದಾರಿ ತಪ್ಪಬಹುದು.

ನಾವು ಹೊಟ್ಟೆಯ ಮೇಲಿಟ್ಟು ಆಡಿಸುವ ಪ್ರೋಬ್ ಶಬ್ದದ ಅಲೆಗಳನ್ನು ಒಳಗೆ ಕಳಿಸುತ್ತದೆ. ಆ ಅಲೆಗಳು ನೀರಿನಲ್ಲಿ ಸಲೀಸಾಗಿ ಸಾಗುತ್ತವೆ, ಗಾಳಿ ಸಿಕ್ಕರೆ ಅಲ್ಲೇ ನಿಂತುಬಿಡುತ್ತವೆ. ಮೊದಲ ಎರಡು ಮೂರು ತಿಂಗಳಲ್ಲಿ ಗರ್ಭಕೋಶ ಇನ್ನೂ ಚಿಕ್ಕದು, ಕಿಬ್ಬೊಟ್ಟೆಯ ಮೂಳೆಯ ಹಿಂದೆ ಅಡಗಿರುತ್ತದೆ. ಅದರ ಮುಂದೆ ಗ್ಯಾಸ್ ತುಂಬಿದ ಕರುಳು ಬಂದು ಬಿದ್ದಿದ್ದರೆ ನಮಗೆ ಕಾಣುವುದು ಬರೀ ಮಬ್ಬು. ಬ್ಲಾಡರ್ ತುಂಬಿದಾಗ ಅದು ಕರುಳನ್ನು ಮೇಲಕ್ಕೆ ಸರಿಸುತ್ತದೆ. ಮುಂದಕ್ಕೆ ಬಾಗಿದ ಗರ್ಭಕೋಶವನ್ನು ಸ್ವಲ್ಪ ನೆಟ್ಟಗೆ ಮಾಡುತ್ತದೆ. ತಾನೇ ಒಂದು ಕಿಟಕಿಯಂತೆ ನಿಂತು ಹಿಂದಿರುವುದನ್ನು ತೋರಿಸುತ್ತದೆ. ನೀರು ಕುಡಿಯಲು ಹೇಳುವುದು ಇಷ್ಟಕ್ಕೇ.

ಆ ಹೊತ್ತಿನ ಸ್ಕ್ಯಾನಿನಲ್ಲಿ ನಾವು ಮೊದಲು ಹುಡುಕುವುದು ಗರ್ಭಚೀಲ ಗರ್ಭಕೋಶದ ಒಳಗೇ ಇದೆಯೇ, ಇಲ್ಲವೇ ನಾಳದಲ್ಲಿ ಸಿಕ್ಕಿಕೊಂಡಿದೆಯೇ ಎಂಬುದನ್ನು. ಆಮೇಲೆ ಭ್ರೂಣ ಒಂದೋ ಎರಡೋ, ಹೃದಯ ಬಡಿಯುತ್ತಿದೆಯೇ, ತಲೆಯಿಂದ ಕುಂಡೆಯವರೆಗಿನ ಉದ್ದ ಎಷ್ಟು ಎಂದು ನೋಡುತ್ತೇವೆ. ಅಂಡಾಶಯಗಳ ಮೇಲೂ ಒಮ್ಮೆ ಕಣ್ಣಾಡಿಸುತ್ತೇವೆ.

ಇನ್ನು ಲೆಕ್ಕಕ್ಕೆ ಬರೋಣ. ಕುಡಿದ ನೀರು ನೇರ ಬ್ಲಾಡರಿಗೆ ಇಳಿಯುವುದಿಲ್ಲ. ಕರುಳಿನಿಂದ ರಕ್ತಕ್ಕೆ ಸೇರಿ, ಕಿಡ್ನಿ ಸೋಸಿದ ಮೇಲೆ ಹನಿಹನಿಯಾಗಿ ಕೆಳಗೆ ಬರಬೇಕು. ಹೆಸರು ಕೂಗಿದ ಮೇಲೆ ಕುಡಿದ ನೀರು ನಾವು ಪ್ರೋಬ್ ಇಡುವ ಹೊತ್ತಿಗೆ ಇನ್ನೂ ಹೊಟ್ಟೆಯಲ್ಲೇ ಇರುತ್ತದೆ. ಈ ಮೊದಲ ತಿಂಗಳುಗಳ ಸ್ಕ್ಯಾನಿಗೆ ಸುಮಾರು ಒಂದೂವರೆ ಗಂಟೆ ಮುಂಚೆ ಒಮ್ಮೆ ಮೂತ್ರ ಮಾಡಿ ಬನ್ನಿ. ಒಂದು ಗಂಟೆ ಮುಂಚೆ ಎರಡು ಮೂರು ಲೋಟ, ಅಂದರೆ ಅರ್ಧದಿಂದ ಮುಕ್ಕಾಲು ಲೀಟರ್ ಸಾದಾ ನೀರು ಕುಡಿಯಿರಿ, ಆಮೇಲೆ ತಡೆದಿರಿ. ಬುರುಗು ಬರುವ ಪಾನೀಯ ಬೇಡ, ಅದರಿಂದ ಗ್ಯಾಸ್ ಹೆಚ್ಚಾಗುತ್ತದೆ. ಮೂತ್ರಕ್ಕೆ ಹೋಗಬೇಕು ಅನಿಸುತ್ತಿದ್ದರೂ ಆರಾಮಾಗಿ ಮಾತಾಡುತ್ತಾ ಕೂರಲು ಆಗುತ್ತಿದ್ದರೆ ಅದೇ ಸರಿಯಾದ ಹದ. ಮಾತು ನಿಂತು ಹಲ್ಲು ಕಚ್ಚುವಂತಾದರೆ ಹೆಚ್ಚಾಯಿತು. ಆಗ ಕೌಂಟರಿನಲ್ಲಿ ಹೇಳಿ ಒಂದು ಲೋಟದಷ್ಟು ಬಿಟ್ಟು ಬನ್ನಿ, ಯಾರೂ ಬೈಯುವುದಿಲ್ಲ. ಕಿಡ್ನಿ ಅಥವಾ ಹೃದಯದ ಕಾಯಿಲೆಗಾಗಿ ನೀರು ಕಡಿಮೆ ಕುಡಿಯಲು ಹೇಳಿಸಿಕೊಂಡವರು ಈ ಲೆಕ್ಕ ಹಿಡಿಯಬಾರದು, ನಿಮ್ಮ ಡಾಕ್ಟರನ್ನೇ ಕೇಳಿ. ರಕ್ತಸ್ರಾವವೋ ಜೋರು ಹೊಟ್ಟೆನೋವೋ ಇದ್ದರೆ ಬ್ಲಾಡರ್ ತುಂಬಲಿ ಎಂದು ಕಾಯುತ್ತಾ ಕೂರಲೇಬೇಡಿ, ತಕ್ಷಣ ಬನ್ನಿ.

ತುಂಬಾ ಮುಂಚಿನ ವಾರಗಳಲ್ಲಿ ಒಳಗಿನಿಂದ, ಅಂದರೆ ಯೋನಿಯ ಮೂಲಕ ಸ್ಕ್ಯಾನ್ ಮಾಡುವುದುಂಟು. ಟಿವಿಎಸ್ ಎಂದು ಚೀಟಿಯಲ್ಲಿ ಬರೆದಿರುತ್ತಾರೆ. ಅದಕ್ಕೆ ಬ್ಲಾಡರ್ ಖಾಲಿ ಇರಬೇಕು. ಪ್ರೋಬ್ ಗರ್ಭಕೋಶದ ಹತ್ತಿರಕ್ಕೇ ಹೋಗುವುದರಿಂದ ಕಿಟಕಿಯ ಅಗತ್ಯವಿಲ್ಲ, ತುಂಬಿದ ಬ್ಲಾಡರ್ ಗರ್ಭಕೋಶವನ್ನು ದೂರ ತಳ್ಳುತ್ತದೆ ಅಷ್ಟೆ. ಆದ್ದರಿಂದ ಅಪಾಯಿಂಟ್‌ಮೆಂಟ್ ಮಾಡುವಾಗಲೇ ಸ್ಕ್ಯಾನ್ ಹೊಟ್ಟೆಯ ಮೇಲಿಂದಲೋ ಒಳಗಿನಿಂದಲೋ ಎಂದು ಕೇಳಿಕೊಳ್ಳಿ.

ಈಗ ಜನರಿಗೆ ಎಷ್ಟು ಹೇಳಿದರೂ ತಲೆಗೆ ಹೋಗದ ಮಾತು. ಸ್ವಲ್ಪ ತುಂಬಿದರೆ ಒಳ್ಳೆಯದು, ಹಾಗಾಗಿ ಪೂರ್ತಿ ತುಂಬಿದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಪ್ಪತ್ತನೇ ವಾರದ ಸ್ಕ್ಯಾನಿಗೆ ಒಬ್ಬರು ಬಂದಿದ್ದರು. ಜೊತೆಗೆ ಬಂದ ಅತ್ತೆ, “ನೀರು ಚೆನ್ನಾಗಿ ಕುಡಿಸಿದೀನಿ ಮೇಡಂ, ಬೆಳಗ್ಗೆಯಿಂದ ಬಾತ್‌ರೂಮಿಗೂ ಬಿಟ್ಟಿಲ್ಲ” ಎಂದರು, ಪ್ರೀತಿಯಿಂದಲೇ. ಹುಡುಗಿಗೆ ಪ್ರೋಬ್ ಒತ್ತಿದರೆ ಕಣ್ಣಲ್ಲಿ ನೀರು. ಪರದೆಯಲ್ಲಿ ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿದಂತೆ ಕಾಣುತ್ತಿತ್ತು. ಹಾಗೇ ಬರೆದುಕೊಟ್ಟರೆ ಮನೆಯವರ ನಿದ್ದೆ ಹೋಗುತ್ತದೆ. ಮಾಸು ಬಾಯಿ ಮುಚ್ಚಿದ್ದರೆ ರಕ್ತಸ್ರಾವದ ಭಯ, ಕಡೆಗೆ ಸಿಸೇರಿಯನ್ನೇ ಗತಿ.

ಆದರೆ ಚಿತ್ರದಲ್ಲೇ ಸುಳಿವಿತ್ತು. ಗರ್ಭಕೋಶದ ಕೊರಳು ಐದೂವರೆ ಸೆಂಟಿಮೀಟರ್ ಉದ್ದ ಕಾಣುತ್ತಿತ್ತು. ಆ ವಾರದಲ್ಲಿ ಸಾಮಾನ್ಯವಾಗಿ ಮೂರರಿಂದ ನಾಲ್ಕರ ಆಸುಪಾಸು ಇರುತ್ತದೆ. ಬಿಗಿದ ಬ್ಲಾಡರ್ ಗರ್ಭಕೋಶದ ಕೆಳಭಾಗದ ಮುಂದಿನ ಗೋಡೆಯನ್ನು ಹಿಂದಿನ ಗೋಡೆಗೆ ಒತ್ತಿ ಅಂಟಿಸಿತ್ತು. ಅಂಟಿಕೊಂಡ ಆ ಭಾಗವೂ ಕೊರಳಿನಂತೆಯೇ ಕಾಣುವುದರಿಂದ ಬಾಯಿ ಇರುವುದಕ್ಕಿಂತ ಮೇಲೆ ಇದೆ ಅನಿಸುತ್ತದೆ, ಮೇಲೆಲ್ಲೋ ಇರುವ ಮಾಸು ಬಾಯಿಯ ಮೇಲೇ ಕೂತಂತೆ ತೋರುತ್ತದೆ. “ಹೋಗಿ ಪೂರ್ತಿ ಖಾಲಿ ಮಾಡಿ ಬಾಮ್ಮಾ” ಎಂದು ಕಳಿಸಿ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡಿದೆ. ಕೊರಳು ಮೂರೂವರೆ ಸೆಂಟಿಮೀಟರ್, ಮಾಸಿನ ಅಂಚು ಬಾಯಿಯಿಂದ ಮೂರು ಸೆಂಟಿಮೀಟರ್ ದೂರ. ಎರಡು ಸೆಂಟಿಮೀಟರಿಗಿಂತ ದೂರವಿದ್ದರೆ ಮಾಸು ಕೆಳಗಿದೆ ಎನ್ನುವುದಿಲ್ಲ. ಅತ್ತೆಗೆ ಎರಡೂ ಚಿತ್ರ ತೋರಿಸಿದ ಮೇಲೆ ಅವರೇ ಸೊಸೆಯ ಬೆನ್ನು ಸವರಿದರು.

ಖಾಲಿ ಮಾಡಿದರೆ ಎಲ್ಲರಿಗೂ ಹೀಗೇ ಸರಿಹೋಗುತ್ತದೆ ಎಂದು ತಿಳಿಯಬೇಡಿ. ಗರ್ಭಕೋಶ ತಾತ್ಕಾಲಿಕವಾಗಿ ಬಿಗಿದುಕೊಂಡರೂ ಇಂಥದೇ ಚಿತ್ರ ಬರುತ್ತದೆ. ಕೆಲವರಿಗೆ ಮಾಸು ನಿಜವಾಗಿಯೂ ಕೆಳಗಿರುತ್ತದೆ. ಅನುಮಾನ ಉಳಿದರೆ ಒಳಗಿನಿಂದ ಸ್ಕ್ಯಾನ್ ಮಾಡಿ ಅಳೆಯುತ್ತೇವೆ. ಆಗಲೂ ಕೆಳಗೇ ಕಂಡರೆ ಮೂವತ್ತೆರಡನೇ ವಾರದ ಹೊತ್ತಿಗೆ ಮತ್ತೆ ನೋಡಬೇಕು. ಗರ್ಭಕೋಶ ಬೆಳೆದಂತೆ ಬಹುತೇಕರಲ್ಲಿ ಮಾಸಿನ ಅಂಚು ಬಾಯಿಯಿಂದ ಮೇಲೆ ಸರಿದಿರುತ್ತದೆ. ನಿಮ್ಮ ರಿಪೋರ್ಟಿನಲ್ಲಿ ಮಾಸು ಕೆಳಗಿದೆ ಎಂದಿದ್ದರೆ, ಬ್ಲಾಡರ್ ಖಾಲಿ ಮಾಡಿಸಿ ನೋಡಿದ್ದಾರೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಹನ್ನೊಂದರಿಂದ ಹದಿನಾಲ್ಕನೇ ವಾರದ ಸ್ಕ್ಯಾನಿಗೆ, ಇಪ್ಪತ್ತರ ಆಸುಪಾಸಿನ ಅಂಗಾಂಗ ನೋಡುವ ಸ್ಕ್ಯಾನಿಗೆ ಅರ್ಧ ತುಂಬಿದ ಬ್ಲಾಡರ್ ಸಾಕು. ಹೊರಡುವ ಮುಂಚೆ ಒಂದೆರಡು ಲೋಟ ನೀರು ಕುಡಿದು ಬನ್ನಿ, ಬೇಕಾದರೆ ನಾವೇ ಕಾಯಿಸುತ್ತೇವೆ.

ಏಳನೇ ತಿಂಗಳ ನಂತರ ಬ್ಲಾಡರ್ ಗೊಡವೆಯೇ ಬೇಡ. ಗರ್ಭಕೋಶ ಹೊಟ್ಟೆಯ ತುಂಬ ಬೆಳೆದು ಕರುಳನ್ನು ತಾನೇ ಪಕ್ಕಕ್ಕೆ ತಳ್ಳಿರುತ್ತದೆ, ಮಗುವಿನ ಸುತ್ತಲಿನ ನೀರೇ ನಮಗೆ ದಾರಿ ಬಿಡುತ್ತದೆ. ಆಗ ನಾವು ಮಗುವಿನ ತಲೆ, ಹೊಟ್ಟೆ, ತೊಡೆಮೂಳೆ ಅಳೆಯುತ್ತೇವೆ, ಗರ್ಭದ ನೀರಿನ ಪ್ರಮಾಣ, ಮಗು ಮಲಗಿರುವ ಭಂಗಿ, ಬೇಕಿದ್ದರೆ ರಕ್ತದ ಓಟ ನೋಡುತ್ತೇವೆ. ಮೂತ್ರ ಮಾಡಿ, ಎಂದಿನಂತೆ ಊಟ ಮಾಡಿ ಬನ್ನಿ. ನೆಟ್ಟಗೆ ಅಂಗಾತ ಮಲಗಿದಾಗ ತಲೆ ಸುತ್ತಿ ಬೆವರಿದರೆ ಸಹಿಸಿಕೊಳ್ಳದೆ ತಕ್ಷಣ ಹೇಳಿ. ಭಾರವಾದ ಗರ್ಭಕೋಶ ಬೆನ್ನೆಲುಬಿನ ಮುಂದಿರುವ ದೊಡ್ಡ ರಕ್ತನಾಳವನ್ನು ಒತ್ತುವುದರಿಂದ ಹಾಗಾಗುತ್ತದೆ, ಎಡ ಮಗ್ಗುಲಿಗೆ ಹೊರಳಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ.

ನೀರಿನ ಬಾಟಲಿಯ ಬದಲು ಆ ದಿನ ಮರೆಯದೆ ತರಬೇಕಾದದ್ದು ಮೊದಲ ಸ್ಕ್ಯಾನಿನ ರಿಪೋರ್ಟ್. ಹೆರಿಗೆಯ ದಿನ ಲೆಕ್ಕ ಹಾಕುವುದು ಅದರಿಂದ. ಒಂಬತ್ತನೇ ತಿಂಗಳಲ್ಲಿ ಮಗುವಿನ ಅಳತೆ ಮೂವತ್ತನಾಲ್ಕು ವಾರದಷ್ಟು ಬಂದರೆ, ಅದು ನಿಜಕ್ಕೂ ಬೆಳವಣಿಗೆ ಕುಂಠಿತವಾದ ಮಗುವೋ ಅಥವಾ ತಿಂಗಳ ಲೆಕ್ಕವೇ ತಪ್ಪಿತ್ತೋ ಎಂದು ಆ ಹಳೆಯ ಹಾಳೆ ಇಲ್ಲದೆ ನಾನು ಹೇಳಲಾರೆ.