‘ಮಾತ್ರ’ ಕಂಡ ಕೂಡಲೇ ಹೇಳಿಕೆ ಹೊಡೆದು ಹಾಕಬೇಡಿ

ಕಳೆದ ವಾರ ಸಂಜೆ ಬ್ಯಾಚ್ ಮುಗಿದ ಮೇಲೆ ಜಗಳೂರು ಕಡೆಯ ಹುಡುಗಿಯೊಬ್ಬಳು ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಂದಳು. ಟೆಸ್ಟ್‌ನಲ್ಲಿ ಸಂವಿಧಾನದ ಭಾಗ ಪೂರ್ತಿ ಕೈ ಕೊಟ್ಟಿತ್ತು. ಪುಟ ತಿರುಗಿಸಿ ನೋಡಿದೆ. ‘ಮಾತ್ರ’, ‘ಎಲ್ಲಾ’, ‘ಯಾವುದೇ’, ‘ಎಂದಿಗೂ’ ಎಂಬ ಪದಗಳಿಗೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ್ದಳು. ಎಷ್ಟು ಒತ್ತಿ ಹಾಕಿದ್ದಳೆಂದರೆ ಹಾಳೆಯ ಹಿಂಬದಿಯಲ್ಲೂ ಗುರುತು ಎದ್ದಿತ್ತು. ಸುತ್ತು ಹಾಕಿದ ಪ್ರತಿ ಹೇಳಿಕೆಯ ಪಕ್ಕದಲ್ಲಿ ಒಂದು ತಪ್ಪು ಗುರುತು.

“ಇದು ಯಾಕಮ್ಮ ತಪ್ಪು?” ಅಂದೆ.

“ಸರ್, ‘ಮಾತ್ರ’ ಅಂತ ಇದೆಯಲ್ಲ. ಅಂಥ ಹೇಳಿಕೆ ಸಾಮಾನ್ಯವಾಗಿ ತಪ್ಪಿರುತ್ತೆ ಅಂತ ವಿಡಿಯೋದಲ್ಲಿ ಹೇಳಿದ್ರು.”

ದಾವಣಗೆರೆಯಲ್ಲಿ ಹನ್ನೆರಡು ವರ್ಷದಿಂದ ಸಂವಿಧಾನ ಪಾಠ ಮಾಡುತ್ತಿದ್ದೇನೆ. ಈಗೀಗ ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರು ತರಿಸುವುದು ಈ ಒಂದು ಉಪಾಯ. ಪರಿಸರ ಅಥವಾ ವಿಜ್ಞಾನದ ಪ್ರಶ್ನೆಯಲ್ಲಿ ಅದು ಕೆಲವೊಮ್ಮೆ ಕೆಲಸ ಮಾಡಬಹುದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಮೂಲಭೂತ ಹಕ್ಕು ಮತ್ತು ನಿರ್ದೇಶಕ ತತ್ವಗಳ ಅಧ್ಯಾಯದಲ್ಲಿ ಅದನ್ನು ನಂಬಬೇಡಿ. ಇಲ್ಲಿ ಪ್ರಶ್ನೆ ಹುಟ್ಟುವುದೇ ಕಾನೂನಿನ ವಾಕ್ಯದಿಂದ, ಮತ್ತು ಕಾನೂನು ಬರೆಯುವವರು ಗಟ್ಟಿ ಪದವನ್ನು ಬೇಕೆಂದೇ ಬಳಸುತ್ತಾರೆ. ಅಸ್ಪೃಶ್ಯತೆಯ ಆಚರಣೆಯನ್ನು ಯಾವ ರೂಪದಲ್ಲೂ ನಿಷೇಧಿಸಿದೆ ಅನ್ನುತ್ತದೆ 17ನೇ ವಿಧಿ. ನಿರ್ದೇಶಕ ತತ್ವಗಳನ್ನು ಯಾವ ನ್ಯಾಯಾಲಯದ ಮೂಲಕವೂ ಜಾರಿ ಮಾಡಿಸುವಂತಿಲ್ಲ ಅನ್ನುತ್ತದೆ 37. 19ನೇ ವಿಧಿಯ ಸ್ವಾತಂತ್ರ್ಯಗಳು ನಾಗರಿಕರಿಗೆ ಮಾತ್ರ. ಈ ಮೂರರಲ್ಲೂ ಆ ‘ಅಪಾಯದ ಪದ’ ಇದೆ. ಮೂರೂ ಸರಿ.

2020ರ ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ಬಂದ ಒಂದು ಪ್ರಶ್ನೆ ನೋಡಿ. ಸಂವಿಧಾನದ 4ನೇ ಭಾಗ, ಅಂದರೆ ನಿರ್ದೇಶಕ ತತ್ವಗಳ ಬಗ್ಗೆ ಮೂರು ಹೇಳಿಕೆ. ಅವನ್ನು ನ್ಯಾಯಾಲಯಗಳ ಮೂಲಕ ಜಾರಿ ಮಾಡಿಸಬಹುದು ಎಂಬುದು ಮೊದಲನೆಯದು. ಯಾವ ನ್ಯಾಯಾಲಯದ ಮೂಲಕವೂ ಆಗದು ಎಂಬುದು ಎರಡನೆಯದು. ರಾಜ್ಯ ಕಾನೂನು ಮಾಡುವಾಗ ಈ ತತ್ವಗಳು ಪ್ರಭಾವ ಬೀರಬೇಕು ಎಂಬುದು ಮೂರನೆಯದು. ‘ಯಾವ ನ್ಯಾಯಾಲಯವೂ’ ಅಂತ ಇದೆ ಎಂದು ಎರಡನೆಯದನ್ನು ಹೊಡೆದವರಿಗೆ ಮೊದಲನೆಯದನ್ನು ಒಪ್ಪದೆ ಬೇರೆ ದಾರಿಯೇ ಇರಲಿಲ್ಲ, ಯಾಕಂದ್ರೆ ಎರಡೂ ಒಂದಕ್ಕೊಂದು ನೇರ ವಿರುದ್ಧ. ಸರಿ ಉತ್ತರ 2 ಮತ್ತು 3.

ಹಾಗಾದರೆ ಗಟ್ಟಿ ಪದ ಕಂಡಾಗ ಏನು ಮಾಡಬೇಕು? ನಾನು ಕ್ಲಾಸಿನಲ್ಲಿ ಹೇಳುವುದು ಇಷ್ಟೇ: ಅಪವಾದದ ವಿಧಿ ಸಂಖ್ಯೆ ಹೇಳು, ಆಮೇಲೆ ಹೊಡಿ. ‘ಎಲ್ಲಾ’ ಅಂತ ಹೇಳಿಕೆ ಇದ್ದರೆ, ಅದರೊಳಗೆ ಬಾರದ ಒಂದನ್ನು ಹೆಸರು ಹಿಡಿದು ತೋರಿಸಬೇಕು. ವಿಧಿಯೋ, ತಿದ್ದುಪಡಿಯೋ, ತೀರ್ಪೋ, ಏನಾದರೂ ಸರಿ. ತೋರಿಸಲು ಆದರೆ ಹೇಳಿಕೆ ತಪ್ಪು. ಆಗದಿದ್ದರೆ ಅದನ್ನು ಮುಟ್ಟಬೇಡಿ, ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿ ಮುಂದೆ ಹೋಗಿ. ‘ಎಲ್ಲೋ ಒಂದು ಅಪವಾದ ಇರಬೇಕು’ ಅನ್ನೋದು ಅಪವಾದ ಅಲ್ಲ.

ಉದಾಹರಣೆಗೆ, ‘ರಾಷ್ಟ್ರೀಯ ತುರ್ತು ಪರಿಸ್ಥಿತಿ ಘೋಷಣೆಯಾದಾಗಲೆಲ್ಲ 19ನೇ ವಿಧಿ ತಾನಾಗಿ ಅಮಾನತಾಗುತ್ತದೆ’ ಎಂಬ ಹೇಳಿಕೆ. ಇದನ್ನು ಹೊಡೆಯಬಹುದು. 1978ರ 44ನೇ ತಿದ್ದುಪಡಿಯ ನಂತರ ಯುದ್ಧ ಅಥವಾ ಬಾಹ್ಯ ಆಕ್ರಮಣದ ಕಾರಣಕ್ಕೆ ಘೋಷಣೆಯಾದರೆ ಮಾತ್ರ ಹಾಗಾಗುತ್ತದೆ, ಸಶಸ್ತ್ರ ದಂಗೆಯ ಕಾರಣಕ್ಕಾದರೆ ಇಲ್ಲ. ಅಪವಾದ ಕೈಯಲ್ಲಿದೆ. ಅದೇ ‘20 ಮತ್ತು 21ನೇ ವಿಧಿಗಳ ಜಾರಿಯನ್ನು ತುರ್ತು ಪರಿಸ್ಥಿತಿಯಲ್ಲೂ ಎಂದಿಗೂ ಅಮಾನತು ಮಾಡುವಂತಿಲ್ಲ’ ಅಂದರೆ? ಅಪವಾದ ಹುಡುಕಿ, ಸಿಗುವುದಿಲ್ಲ. ಅದೂ ಅದೇ 44ನೇ ತಿದ್ದುಪಡಿಯ ಕೊಡುಗೆ. ಒಂದೇ ತಿದ್ದುಪಡಿಯಿಂದ ಹುಟ್ಟಿದ ಎರಡು ಹೇಳಿಕೆ, ಎರಡರಲ್ಲೂ ಗಟ್ಟಿ ಪದ. ಒಂದು ತಪ್ಪು, ಒಂದು ಸರಿ.

ಈಗ ಒಂದು ಪೂರ್ತಿ ಪ್ರಶ್ನೆ ಬಿಡಿಸೋಣ. ನಾನೇ ಮಾಡಿ ಕ್ಲಾಸಿಗೆ ಕೊಟ್ಟದ್ದು.

1. ರಾಜ್ಯವೊಂದರ ಸರ್ಕಾರಿ ನೌಕರಿಗೆ ಆ ರಾಜ್ಯದಲ್ಲಿ ವಾಸವಿರಬೇಕೆಂಬ ಷರತ್ತನ್ನು 16(3)ನೇ ವಿಧಿಯಡಿ ಕಾನೂನು ಮಾಡಿ ವಿಧಿಸುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ.
2. ನಿರ್ದೇಶಕ ತತ್ವಗಳನ್ನು ಯಾವ ನ್ಯಾಯಾಲಯದ ಮೂಲಕವೂ ಜಾರಿ ಮಾಡಿಸುವಂತಿಲ್ಲ.
3. ಯಾವುದೇ ನಿರ್ದೇಶಕ ತತ್ವವನ್ನು ಜಾರಿಗೆ ತರುವ ಕಾನೂನನ್ನು 14 ಅಥವಾ 19ನೇ ವಿಧಿಗೆ ವಿರುದ್ಧ ಎಂಬ ಕಾರಣಕ್ಕೆ ರದ್ದು ಮಾಡುವಂತಿಲ್ಲ.

ಎ) 1 ಮತ್ತು 2 ಮಾತ್ರ ಬಿ) 2 ಮತ್ತು 3 ಮಾತ್ರ ಸಿ) 3 ಮಾತ್ರ ಡಿ) 1, 2 ಮತ್ತು 3

ಮೂರರಲ್ಲೂ ಗಟ್ಟಿ ಪದ ಇದೆ. ವಿಡಿಯೋ ಉಪಾಯ ನಂಬಿದವರು ಮೂರನ್ನೂ ಹೊಡೆದರು, ಆಮೇಲೆ ‘ಯಾವುದೂ ಅಲ್ಲ’ ಎಂಬ ಆಯ್ಕೆ ಹುಡುಕಿದರು. ಅದು ಇಲ್ಲವೇ ಇಲ್ಲ. ಕೊನೆಗೆ ಕಣ್ಣಿಗೆ ಬಿದ್ದದ್ದಕ್ಕೆ ಗುರುತು ಹಾಕಿದರು.

ಮೊದಲು ಆಯ್ಕೆಗಳನ್ನು ನೋಡಿ. 3ನೇ ಹೇಳಿಕೆ ಬಿ, ಸಿ, ಡಿ ಮೂರರಲ್ಲೂ ಇದೆ. ಅದೊಂದು ತಪ್ಪು ಎಂದು ಗಟ್ಟಿಯಾದರೆ ಮೂರು ಆಯ್ಕೆ ಒಟ್ಟಿಗೆ ಹೋಗುತ್ತವೆ. 2ನೆಯದರಿಂದ ಶುರು ಮಾಡಿ ಅದು ಸರಿ ಎಂದು ಖಚಿತ ಮಾಡಿಕೊಂಡರೆ ಹೋಗುವುದು ಸಿ ಒಂದೇ. ಹಾಗಾಗಿ ಪರೀಕ್ಷೆ ಮಾಡಬೇಕಾದ್ದು ಮೊದಲು 3ನ್ನು. ನಮ್ಮ ಮಕ್ಕಳು ಯಾವಾಗಲೂ 1ರಿಂದ ಶುರು ಮಾಡಿ ಅಲ್ಲೇ ಒಂದು ನಿಮಿಷ ಕಳೆಯುತ್ತಾರೆ.

3ನ್ನು ಎತ್ತಿಕೊಳ್ಳಿ. ಇದು 31ಸಿ ವಿಧಿಯ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1971ರ 25ನೇ ತಿದ್ದುಪಡಿಯಲ್ಲಿ ಇದು ಬಂದಾಗ ರಕ್ಷಣೆ ಇದ್ದದ್ದು 39(ಬಿ) ಮತ್ತು 39(ಸಿ) ಜಾರಿ ಮಾಡುವ ಕಾನೂನುಗಳಿಗೆ ಮಾತ್ರ. ಸಂಪನ್ಮೂಲಗಳು ಎಲ್ಲರ ಒಳಿತಿಗೆ ಹಂಚಿಕೆಯಾಗಬೇಕು, ಸಂಪತ್ತು ಕೆಲವರ ಕೈಯಲ್ಲಿ ಸೇರಬಾರದು ಎಂಬ ಎರಡು ತತ್ವಗಳು ಅವು. 1976ರ 42ನೇ ತಿದ್ದುಪಡಿ ಈ ರಕ್ಷಣೆಯನ್ನು ಎಲ್ಲಾ ನಿರ್ದೇಶಕ ತತ್ವಗಳಿಗೂ ಹಬ್ಬಿಸಿತು. 1980ರಲ್ಲಿ ಮಿನರ್ವಾ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಿಸ್ತರಣೆಯನ್ನು ರದ್ದು ಮಾಡಿತು. ಹಳೆಯ ಮಿತಿಯೊಳಗಿನ 31ಸಿ ಇನ್ನೂ ಜೀವಂತವಾಗಿದೆ ಎಂದು 2024ರ ನವೆಂಬರ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವೂ ಹೇಳಿದೆ. ಅಂದರೆ ‘ಯಾವುದೇ ನಿರ್ದೇಶಕ ತತ್ವ’ ಎಂಬುದು ತಪ್ಪು. ಕುಟೀರ ಕೈಗಾರಿಕೆಯ 43ನೇ ವಿಧಿಗೆ ಆ ರಕ್ಷಣೆ ಇಲ್ಲ. ಅಪವಾದ ಸಿಕ್ಕಿತು, ಹೇಳಿಕೆ ಹೊಡೆಯಿರಿ. ಉಳಿದದ್ದು ಎ ಒಂದೇ. 16(3) ಬಗ್ಗೆ ನಿಮಗೆ ಏನೂ ಗೊತ್ತಿಲ್ಲದಿದ್ದರೂ ಉತ್ತರ ಸಿಕ್ಕಿತು, ಅಲ್ವಾ?

ಮೂಲ ಸಂವಿಧಾನ ಪುಸ್ತಕ ಓದುವ ಶ್ರದ್ಧೆಯ ಮಕ್ಕಳು ಇಲ್ಲಿ ಎಡವುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಪುಸ್ತಕದ 31ಸಿ ಪಠ್ಯದಲ್ಲಿ 42ನೇ ತಿದ್ದುಪಡಿಯ ಮಾತು, ‘ಎಲ್ಲಾ ಅಥವಾ ಯಾವುದೇ ತತ್ವ’ ಎಂಬುದು, ಇವತ್ತಿಗೂ ಅಚ್ಚಾಗಿದೆ. ಕೋರ್ಟ್ ರದ್ದು ಮಾಡಿದ್ದು ಅಡಿಟಿಪ್ಪಣಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಅಡಿಟಿಪ್ಪಣಿ ಬಿಟ್ಟು ಓದಬೇಡಿ ಅಂತ ಅದಕ್ಕೇ ಪದೇ ಪದೇ ಹೇಳುವುದು.

ಇದೇ ಪ್ರಶ್ನೆಯ 1ನೇ ಹೇಳಿಕೆ ಮೇಲೆ ಹರಪನಹಳ್ಳಿಯ ಹುಡುಗನೊಬ್ಬ ಎದ್ದು ನಿಂತ. “ಸರ್, ಅಪವಾದ ಇದೆ. 371ಜೆ! ನಮ್ಮ ತಾಲ್ಲೂಕಿನವರಿಗೆ ಸ್ಥಳೀಯರು ಅಂತ ನೌಕರಿಯಲ್ಲಿ ಮೀಸಲಾತಿ ಇದೆಯಲ್ಲ, ಅದನ್ನ ಸಂಸತ್ತು 16(3)ರಲ್ಲಿ ಮಾಡಿದ್ದಲ್ಲ.” ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿದ್ದಾಗ 371ಜೆ ಸೌಲಭ್ಯಕ್ಕಾಗಿ ಜನ ಎಷ್ಟು ಓಡಾಡಿದರು ಎಂದು ನಮ್ಮ ಕಡೆಯವರಿಗೆ ಗೊತ್ತಿದೆ. ಅವನ ಮನೆಯಲ್ಲೇ ಆ ಪ್ರಮಾಣಪತ್ರ ಇದೆ. ಅವನಿಗೆ ವಿಧಿ ಸಂಖ್ಯೆ ಗೊತ್ತು, ಅಪವಾದ ಹುಡುಕಬೇಕು ಅನ್ನೋದೂ ಗೊತ್ತು. ಖುಷಿಯಾಯಿತು. ಆದರೆ ಉತ್ತರ ತಪ್ಪು.

ಯಾಕೆಂದರೆ ಹೇಳಿಕೆ ‘16(3)ನೇ ವಿಧಿಯಡಿ’ ಎಂದು ಬೇಲಿ ಹಾಕಿಕೊಂಡಿದೆ. 371ಜೆ ಆ ಬೇಲಿಯ ಹೊರಗಿದೆ. ಅದು 2012ರ 98ನೇ ತಿದ್ದುಪಡಿಯಿಂದ ಬಂದ ಬೇರೆಯೇ ವ್ಯವಸ್ಥೆ. ಅಪವಾದ ಲೆಕ್ಕಕ್ಕೆ ಬರಬೇಕಾದರೆ ಬೇಲಿಯ ಒಳಗಿನದಾಗಿರಬೇಕು. ಹೇಳಿಕೆಯಲ್ಲಿ ‘16(3)ನೇ ವಿಧಿಯಡಿ’ ಎಂಬ ಮಾತು ಇಲ್ಲದೆ, ‘ಸ್ಥಳೀಯರಿಗೆ ನೌಕರಿ ಮೀಸಲಿಡಲು ಸಂವಿಧಾನದಲ್ಲಿ ಬೇರೆ ದಾರಿಯೇ ಇಲ್ಲ’ ಎಂದಿದ್ದರೆ ಅವನ 371ಜೆ ನೇರ ಹೊಡೆತ ಆಗುತ್ತಿತ್ತು.

ನಿರ್ದೇಶಕ ತತ್ವದಲ್ಲೂ ಹೀಗೇ ಆಗುತ್ತದೆ. “ಶಿಕ್ಷಣ 45ನೇ ವಿಧಿಯಲ್ಲಿತ್ತು, ಈಗ ಕೋರ್ಟಿಗೆ ಹೋಗಿ ಕೇಳಬಹುದಲ್ಲ ಸರ್, ಹಾಗಾದ್ರೆ 2ನೇ ಹೇಳಿಕೆ ತಪ್ಪು” ಎಂದು ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳುತ್ತಾರೆ. ಕೋರ್ಟಿಗೆ ಹೋಗಲು ಆಗುವುದು 2002ರ 86ನೇ ತಿದ್ದುಪಡಿ ಅದನ್ನು 21ಎ ಎಂಬ ಮೂಲಭೂತ ಹಕ್ಕಾಗಿ ಮಾಡಿದ್ದಕ್ಕೆ. 45ನೇ ವಿಧಿ ಈಗ ಆರು ವರ್ಷದೊಳಗಿನ ಮಕ್ಕಳ ಪಾಲನೆ ಮತ್ತು ಶಿಕ್ಷಣದ ಬಗ್ಗೆ ಮಾತಾಡುತ್ತದೆ, ಮತ್ತು ಅದು ಇವತ್ತಿಗೂ 37ರ ಬೇಲಿಯೊಳಗೇ ಇದೆ.

ತಪ್ಪು ಉತ್ತರಕ್ಕೆ 1/4 ಅಂಕ ಕಳೆಯುವ ಪರೀಕ್ಷೆಯಲ್ಲಿ ಎರಡು ಆಯ್ಕೆ ಉಳಿಸಿಕೊಂಡು ಊಹಿಸಿದರೆ ಸರಾಸರಿ 0.375 ಅಂಕ ಲಾಭ. ಆದರೆ ಈ ಲೆಕ್ಕ ನಿಜವಾಗುವುದು ನೀವು ಹೊಡೆದ ಎರಡು ಆಯ್ಕೆಗಳು ನಿಜಕ್ಕೂ ತಪ್ಪಾಗಿದ್ದರೆ. ‘ಮಾತ್ರ’ ನೋಡಿ ಹೊಡೆದಿದ್ದರೆ ಸರಿ ಉತ್ತರವೇ ಹೊರಗೆ ಹೋಗಿರಬಹುದು. ಆಗ ನೀವು ಎರಡು ತಪ್ಪುಗಳ ನಡುವೆ ನಾಣ್ಯ ಚಿಮ್ಮುತ್ತಿರುತ್ತೀರಿ.

ಇನ್ನೊಂದು ಮಿತಿಯನ್ನೂ ಹೇಳಲೇಬೇಕು. ‘ಮೇಲಿನವುಗಳಲ್ಲಿ ಎಷ್ಟು ಹೇಳಿಕೆಗಳು ಸರಿ: ಒಂದು ಮಾತ್ರ, ಎರಡು ಮಾತ್ರ, ಮೂರೂ, ಯಾವುದೂ ಇಲ್ಲ’ ಎಂಬ ಮಾದರಿ 2023ರ ಯುಪಿಎಸ್‌ಸಿ ಪತ್ರಿಕೆಯಲ್ಲಿ ತುಂಬಾ ಬಂತು. ಅಲ್ಲಿ ಆಯ್ಕೆ ಎಣಿಸಿ ಯಾವ ಹೇಳಿಕೆಯಿಂದ ಶುರು ಮಾಡಬೇಕು ಎಂದು ನೋಡುವ ದಾರಿ ಮುಚ್ಚಿಹೋಗುತ್ತದೆ. ಒಂದು ತಪ್ಪು ಎಂದು ಗೊತ್ತಾದರೆ ‘ಮೂರೂ’ ಎಂಬುದು ಹೋಗುತ್ತದೆ, ಒಂದು ಸರಿ ಎಂದು ಗೊತ್ತಾದರೆ ‘ಯಾವುದೂ ಇಲ್ಲ’ ಹೋಗುತ್ತದೆ. ಅಷ್ಟೇ. ಒಂದು ಸರಿ, ಒಂದು ತಪ್ಪು ಎಂದು ಖಚಿತವಾಗಿ, ಮೂರನೆಯದು ಮಾತ್ರ ಅನುಮಾನವಿದ್ದರೆ ಉಳಿಯುವುದು ಎರಡೇ ಆಯ್ಕೆ, ಗುರುತು ಹಾಕಬಹುದು. ಎರಡು ಹೇಳಿಕೆ ಗೊತ್ತಿಲ್ಲದಿದ್ದರೆ ಬಿಟ್ಟು ಬಿಡಿ ಅನ್ನುತ್ತೇನೆ ನಾನು.

ಆ ಜಗಳೂರಿನ ಹುಡುಗಿಗೆ ಅದೇ ಪ್ರಶ್ನೆಪತ್ರಿಕೆ ವಾಪಸ್ ಕೊಟ್ಟು, ಸುತ್ತು ಹಾಕಿದ ಪ್ರತಿ ಪದದ ಪಕ್ಕದಲ್ಲಿ ಅಪವಾದದ ವಿಧಿ ಸಂಖ್ಯೆ ಬರೆದುಕೊಂಡು ಬಾ ಅಂದೆ. ಮರುದಿನ ತಂದಳು. ಹದಿನಾಲ್ಕು ಸುತ್ತುಗಳಲ್ಲಿ ಐದಕ್ಕೆ ಮಾತ್ರ ಸಂಖ್ಯೆ ಇತ್ತು. ಉಳಿದ ಒಂಬತ್ತರ ತಪ್ಪು ಗುರುತನ್ನು ಅವಳೇ ರಬ್ಬರ್‌ನಿಂದ ಅಳಿಸಿದ್ದಳು.