‘ಬಿಗಿ ಇದೆ’ ಬೇರೆ, ‘ಬಿಗೀತಿದೆ’ ಬೇರೆ

ಮೂಳೆ ವಾರ್ಡಿನಲ್ಲಿ ಡ್ಯೂಟಿ ಬದಲಾಗುವ ಹೊತ್ತಿಗೆ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. “ನಾಲ್ಕನೇ ಬೆಡ್ಡಿನ ಹುಡುಗನಿಗೆ ಪ್ಲಾಸ್ಟರ್ ಬಿಗಿ ಇದೆ ಮೇಡಂ. ಒಣಗ್ತಾ ಇದೆಯಲ್ಲ, ಬಿಗಿಯುತ್ತೆ.” ಒಂದೇ ಉಸಿರಿನಲ್ಲಿ ಎರಡು ತಪ್ಪು. ಹೇಳಿದವಳಿಗೆ ಒಂದೂ ಗೊತ್ತಾಗಲಿಲ್ಲ. ಹಾಗಾಗಿ ಈ ಸಲ ‘ಬಿಗಿ’ ಎಂಬ ಪದವನ್ನೇ ಹಿಡಿದುಕೊಳ್ಳೋಣ.

ಕನ್ನಡದಲ್ಲಿ ಬಿಗಿ ಅಂದರೆ ಹೆಚ್ಚಾಗಿ ಒಳ್ಳೆಯದೇ. ಬಿಗಿ ಬಂದೋಬಸ್ತ್, ಬಿಗಿ ಹಿಡಿತ. ಅಡಿಕೆ ಮೂಟೆ ಬಿಗಿಯಾಗಿ ಕಟ್ಟಿದವನೇ ಜಾಣ. ಸಡಿಲ ಅಂದರೆ ಕೆಲಸಗೇಡಿತನ. ಈ ಅಭ್ಯಾಸ ನಮ್ಮ ಜೊತೆ ಪ್ಲಾಸ್ಟರ್ ರೂಮಿನೊಳಕ್ಕೂ ಬರುತ್ತದೆ. ನಾಟಿ ವೈದ್ಯರು ಬಿದಿರಿನ ದಬ್ಬೆ ಇಟ್ಟು ಬಿಗಿದು ಕಟ್ಟುವುದನ್ನು ನೋಡಿ ಬೆಳೆದ ಮಲೆನಾಡಿನ ಮಕ್ಕಳಿಗಂತೂ, ಕಟ್ಟು ಅಂದಮೇಲೆ ಬಿಗಿ ಇರಲೇಬೇಕು.

ಆದರೆ ಮೂಳೆಯನ್ನು ಹಿಡಿಯುವುದು ಬಿಗಿಯಲ್ಲ, ಆಕಾರ. ಮುಂಗೈಯನ್ನೇ ನೋಡಿ. ಅಲ್ಲಿ ಎರಡು ಮೂಳೆ ಅಕ್ಕಪಕ್ಕ ಇವೆ. ಪ್ಲಾಸ್ಟರ್ ಕೊಳವೆಯ ಹಾಗೆ ದುಂಡಗಿದ್ದರೆ, ಎಷ್ಟೇ ಬಿಗಿದರೂ ಎರಡೂ ಮೂಳೆ ಒಳಗೆ ಒಂದರ ಕಡೆಗೊಂದು ವಾಲಬಹುದು. ಹಸಿ ಇರುವಾಗಲೇ ಮುಂದೊಂದು ಅಂಗೈ, ಹಿಂದೊಂದು ಅಂಗೈ ಇಟ್ಟು ಮೆಲ್ಲಗೆ ಒತ್ತಿ ಹಿಡಿದರೆ ಅದು ಚಪ್ಪಟೆ ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಮೂಳೆಗಳ ನಡುವಿನ ಜಾಗ ಉಳಿಯುತ್ತದೆ. ಮೋಲ್ಡಿಂಗ್ ಅಂದರೆ ಇದು. ಬೆರಳ ತುದಿಯಿಂದ ಒತ್ತಬಾರದು. ಒತ್ತಿದಲ್ಲೆಲ್ಲ ಒಳಗೆ ಗುಬುಟು ಏಳುತ್ತದೆ, ಅದರ ಕೆಳಗಿನ ಚರ್ಮ ಹುಣ್ಣಾಗುತ್ತದೆ. ಇದಕ್ಕೆ ‘ಬಿಗಿ’ ಅನ್ನದೆ ‘ಮೈಗೆ ಕೂತಿದೆ’ ಅನ್ನಿ. ಹೊಲಿಗೆಯವರು ರವಿಕೆಗೆ ಹೇಳುತ್ತಾರಲ್ಲ, ಹಾಗೆ.

ಕೂರಬೇಕಾದರೆ ಒಳಗಿನ ಹತ್ತಿಯೂ ಹದವಾಗಿರಬೇಕು. ಬೆರಳ ಕಡೆಯಿಂದ ಮೇಲಕ್ಕೆ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚುವ ಹಾಗೆ ಸುತ್ತಿದರೆ ಎಲ್ಲ ಕಡೆ ಎರಡು ಪದರ ಬರುತ್ತದೆ. ಮಣಿಕಟ್ಟಿನ ಕಿರುಬೆರಳ ಕಡೆಯ ಗುಬುಟು, ಮೊಣಕೈ ತುದಿ, ಇಂಥ ಕಡೆ ಇನ್ನಷ್ಟು. ‘ಇರಲಿ, ನೋಯಬಾರದು’ ಅಂತ ಇಡೀ ಕೈಗೆ ದಿಂಬಿನಷ್ಟು ಹತ್ತಿ ಸುತ್ತುವವರೂ ಇದ್ದಾರೆ. ಒಳಗೆ ಕೈ ಓಲಾಡಿ ಮೂಳೆ ಜಾರುತ್ತದೆ. ಆಮೇಲೆ ಅದನ್ನು ಸರಿಮಾಡಲು ಪ್ಲಾಸ್ಟರನ್ನೇ ಎಳೆದು ಸುತ್ತುತ್ತಾರೆ! ಪ್ಲಾಸ್ಟರ್ ರೋಲನ್ನು ಎಳೆಯುವ ಮಾತೇ ಇಲ್ಲ. ಗುಳ್ಳೆ ಬರುವುದು ನಿಲ್ಲುವ ತನಕ ಸಾಧಾರಣ ನೀರಿನಲ್ಲಿ ಅದ್ದಿ, ಎರಡೂ ತುದಿಯಿಂದ ಮೆಲ್ಲಗೆ ಒತ್ತಿ ನೀರು ಇಳಿಸಿ, ಕೈಯ ಮೇಲೆ ಉರುಳಿಸಿಕೊಂಡು ಹೋಗುವುದು ಅಷ್ಟೆ. ಕೈ ದಪ್ಪ ಬದಲಾಗುವಲ್ಲಿ ಸೀರೆ ನಿರಿಗೆಯಂತೆ ಮಡಚಿ. ಎಳೆದು ಸರಿ ಮಾಡಬೇಡಿ.

ಇನ್ನು ಎರಡನೇ ತಪ್ಪು. ‘ಒಣಗ್ತಾ ಬಿಗಿಯುತ್ತೆ.’ ಇದು ಎಲ್ಲಿಂದ ಬಂತೋ! ಹಸಿ ಮರ ಒಣಗಿ ಕುಗ್ಗುತ್ತದೆ, ನೆನೆದ ಹಗ್ಗ ಬಿಗಿಯುತ್ತದೆ, ಅದೇ ಲೆಕ್ಕ ಇಲ್ಲಿಗೂ ಹಾಕಿರಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂದರೆ ಜಿಪ್ಸಮ್ ಕಲ್ಲನ್ನು ಸುಟ್ಟು ನೀರಿನಂಶ ತೆಗೆದ ಪುಡಿ. ಪ್ಯಾರಿಸ್ಸಿನ ಮೊಮಾರ್ತ್ ಗುಡ್ಡದಲ್ಲಿ ಈ ಕಲ್ಲಿನ ಗಣಿಗಳಿದ್ದವು, ಹೆಸರು ಬಂದದ್ದು ಹಾಗೆ. ನೀರು ಕೊಟ್ಟಾಗ ಪುಡಿ ಅದನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಆಗ ಅದು ಕುಗ್ಗುವುದಿಲ್ಲ, ಒಂದು ಚೂರು ಹಿಗ್ಗುತ್ತದೆ. ಕಲ್ಲಾಗುವುದು ಕೆಲವು ನಿಮಿಷದ ಕೆಲಸ. ಪೂರ್ತಿ ಒಣಗಲು ಎರಡು ದಿನ ಬೇಕು, ಆಗುಂಬೆ ಕಡೆಯ ಮಳೆಗಾಲದಲ್ಲಿ ಇನ್ನೂ ಜಾಸ್ತಿ. (ಬೇಗ ಒಣಗಲಿ ಅಂತ ಬಚ್ಚಲೊಲೆ ಮುಂದೆ ಕೂರಬೇಡಿ ಅಂತ ಮನೆಗೆ ಕಳಿಸುವಾಗಲೇ ಹೇಳಿ. ಕೂರುತ್ತಾರೆ.)

ಹಾಗಾದರೆ ಬಿಗಿಯುತ್ತಿರುವುದು ಯಾವುದು? ಇಲ್ಲಿ ಕನ್ನಡ ನಮಗೆ ಸ್ವಲ್ಪ ಮೋಸ ಮಾಡುತ್ತದೆ. ‘ಹಗ್ಗ ಬಿಗಿದ’ ಅಂದರೆ ಯಾರೋ ಬಿಗಿದರು. ‘ಗಂಟಲು ಬಿಗಿಯಿತು’ ಅಂದರೆ ಯಾರೂ ಬಿಗಿಯಲಿಲ್ಲ, ತಾನಾಗಿ ಬಿಗಿಯಿತು. ಎರಡಕ್ಕೂ ಪದ ಒಂದೇ. ರೋಗಿ ‘ಬಿಗೀತಿದೆ’ ಅಂದಾಗ ನಾವು ಪ್ಲಾಸ್ಟರ್ ಬಿಗಿಯುತ್ತಿದೆ ಅಂದುಕೊಳ್ಳುತ್ತೇವೆ. ಅದು ಕಲ್ಲು, ಅದಕ್ಕೇನೂ ಆಗಿಲ್ಲ. ಒಳಗೆ ಕೈ ಊದುತ್ತಿದೆ.

ನಾಲ್ಕನೇ ಬೆಡ್ಡಿನ ಹುಡುಗನ ಕತೆ ಹೇಳುತ್ತೇನೆ. ಹನ್ನೊಂದು ವರ್ಷ. ಪೇರಲೆ ಮರದಿಂದ ಬಿದ್ದು ಮುಂಗೈಯ ಎರಡೂ ಮೂಳೆ ಮುರಿದಿತ್ತು. ಸಂಜೆ ನಾಲ್ಕಕ್ಕೆ ಮೂಳೆ ಕೂರಿಸಿ, ಮೊಣಕೈ ಮೇಲಿನವರೆಗೆ ಸುತ್ತಲೂ ಪ್ಲಾಸ್ಟರ್ ಹಾಕಿದ್ದರು. ಆರಕ್ಕೆ ಕೇಳಿದಾಗ ‘ಬಿಗಿ ಇದೆ’ ಅಂದ. ಅದು ಸ್ಥಿತಿ. ಹೊಸ ಚಪ್ಪಲಿ ಬಿಗಿ ಇದ್ದ ಹಾಗೆ. ಕೈ ದಿಂಬಿನ ಮೇಲೆ ಎತ್ತರಿಸಿ, ಬೆರಳು ಆಡಿಸಲು ಹೇಳಿ, ಗಮನಿಸುತ್ತಿದ್ದರೆ ಸಾಕಿತ್ತು. ಎಂಟಕ್ಕೆ ನೋವಿನ ಔಷಧಿ ಕೊಟ್ಟರು. ಒಂಬತ್ತೂವರೆಗೆ ಮತ್ತೆ ಕೇಳಿದ. ಸುಮ್ಮನೆ ಮಲಗಲಿಲ್ಲ, ಅಮ್ಮನ ಮೇಲೆ ರೇಗಿದ. ಹತ್ತಕ್ಕೆ ಹೇಳಿದ್ದು: “ಅಕ್ಕಾ, ಬಿಗೀತಾನೇ ಇದೆ.” ಅದು ಸ್ಥಿತಿಯಲ್ಲ, ನಡೆಯುತ್ತಿರುವ ಕ್ರಿಯೆ. ವ್ಯಾಕರಣದ ಮೇಷ್ಟರು ಬೇಕಿಲ್ಲ, ಕಿವಿ ಸಾಕು. ನಮ್ಮ ವಿದ್ಯಾರ್ಥಿನಿ ಎರಡು ಸಲವೂ ‘ಬಿಗಿ ಇದೆ’ ಅಂತಲೇ ದಾಖಲಿಸಿದ್ದಳು.

ಅವಳು ಬೆರಳು ನೋಡಿದ್ದಳು. ಕೆಂಪಗೆ, ಬೆಚ್ಚಗೆ ಇದ್ದವು. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಬರುತ್ತಿತ್ತು. ‘ರಕ್ತ ಓಡ್ತಿದೆಯಲ್ಲ’ ಅಂದಳು. ಓಡುತ್ತದೆ. ಸ್ನಾಯುಗಳ ಗೂಡಿನಲ್ಲಿ ಒತ್ತಡ ಏರಿದಾಗ ಮೊದಲು ನಲುಗುವುದು ಸಣ್ಣ ರಕ್ತನಾಳ, ನರ, ಸ್ನಾಯು. ದೊಡ್ಡ ನಾಳದ ಬಡಿತ ನಿಲ್ಲುವುದು ಕಡೆಗೆ. ಬೆರಳು ತಣ್ಣಗಾಗಲಿ, ನೀಲಿಯಾಗಲಿ ಅಂತ ಕಾದರೆ ಸ್ನಾಯು ಸತ್ತಿರುತ್ತದೆ. ಅದಕ್ಕೆ ಸಿಗುವ ಸಮಯ ಸುಮಾರು ಆರು ಗಂಟೆ ಮಾತ್ರ.

ನಾನು ಅವನ ಬೆರಳುಗಳನ್ನು ಮೆಲ್ಲಗೆ ನೆಟ್ಟಗೆ ಮಾಡಿದೆ. ಕಿರುಚಿದ. ಅವನೇ ಆಡಿಸುವುದಲ್ಲ, ನಾವು ನೆಟ್ಟಗೆ ಮಾಡಿದಾಗ ಮುಂಗೈಯೊಳಗೆ ಬರುವ ನೋವು ಮುಖ್ಯ. ಜೋಮು ಹಿಡಿದಿದೆಯಾ ಅಂತ ಕೇಳಿದೆ. ಬೆರಳ ತುದಿ ‘ಇರುವೆ ಹರಿದ ಹಾಗಿದೆ’ ಅಂದ. ಕೂಡಲೇ ಡಾಕ್ಟರಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ದಿಂಬು ತೆಗೆದು ಕೈಯನ್ನು ಎದೆಯ ಮಟ್ಟಕ್ಕೆ ಇಳಿಸಿದೆ. ಈ ಹಂತದಲ್ಲಿ ಇನ್ನೂ ಎತ್ತರಿಸಿದರೆ ಇರುವ ರಕ್ತವೂ ಸ್ನಾಯುವಿಗೆ ಏರುವುದಿಲ್ಲ.

ಡಾಕ್ಟರು ಬಂದು ಪ್ಲಾಸ್ಟರನ್ನು ಎರಡೂ ಬದಿಗೆ ಉದ್ದಕ್ಕೂ ಸೀಳಿದರು. ಒಳಗಿನ ಹತ್ತಿಯನ್ನೂ ಚರ್ಮ ಕಾಣುವ ತನಕ ಕತ್ತರಿಸಿದರು. ಹತ್ತಿ ಬಿಟ್ಟರೆ ಅರ್ಧ ಕೆಲಸ. ರಕ್ತ ಕುಡಿದು ಒಣಗಿದ ಹತ್ತಿಯೂ ತಗಡಿನ ಹಾಗೆ ಹಿಡಿಯುತ್ತದೆ. ಅರ್ಧ ಗಂಟೆಯಲ್ಲಿ ಹುಡುಗ ನಿದ್ದೆ ಹೋದ. ಹೋಗದಿದ್ದರೆ ಅದೇ ರಾತ್ರಿ ಆಪರೇಷನ್ ಥಿಯೇಟರಿನಲ್ಲಿ ಸ್ನಾಯುವಿನ ಹೊದಿಕೆ ಸೀಳಬೇಕಿತ್ತು.

ಹೊಸನಗರದ ಒಳಹಳ್ಳಿಯವರನ್ನು ಮನೆಗೆ ಕಳಿಸುವಾಗ ‘ಬಿಗಿ ಆದರೆ ಬನ್ನಿ’ ಅಂತ ಹೇಳುತ್ತೀರಿ. ಅವರು ಕಾಯುತ್ತಾರೆ, ಬಿಗಿ ಇರೋದೇ ಒಳ್ಳೇದು ಅಂತ. ಹೀಗೆ ಹೇಳಿ: “ಮಾತ್ರೆ ತಗೊಂಡರೂ ನೋವು ಏರ್ತಾನೇ ಇದ್ರೆ, ಬೆರಳು ನೆಟ್ಟಗೆ ಮಾಡಿದ್ರೆ ಜೀವ ಹೋಗೋ ಹಾಗಾದ್ರೆ, ಜೋಮು ಹಿಡಿದ್ರೆ, ಬೆಳಗಾಗಲಿ ಅನ್ನಬೇಡಿ. ರಾತ್ರಿನೇ ಗಾಡಿ ಮಾಡ್ಕೊಂಡು ಬನ್ನಿ.”