ಮೊದಲ ಕವರ್ ಲೆಟರ್‌ಗೆ ಮೂರು ಪ್ಯಾರಾ ಸಾಕು

ಶಾಲೆ ಮುಗಿಸಿದ ಹುಡುಗಿಯೊಬ್ಬಳು ಇತ್ತೀಚೆಗೆ ತನ್ನ ಕವರ್ ಲೆಟರ್ ತಂದು ತೋರಿಸಿದಳು. ಪುಸ್ತಕದಂಗಡಿಯಲ್ಲಿ ಸಂಜೆ ಹೊತ್ತಿನ ಪಾರ್ಟ್ ಟೈಮ್ ಕೆಲಸ. ಪತ್ರ ಒಂದೂವರೆ ಪುಟ ಇತ್ತು. 'ನಾನು ಶ್ರಮಜೀವಿ, ಪ್ರಾಮಾಣಿಕಳು, ಎಲ್ಲರ ಜೊತೆ ಹೊಂದಿಕೊಳ್ಳುತ್ತೇನೆ, ಹೊಸದನ್ನು ಬೇಗ ಕಲಿಯುತ್ತೇನೆ' ಅಂತ ಶುರುವಾಗಿ, ನಡುವೆ 'ನನಗೆ ಅನುಭವ ಇಲ್ಲದಿದ್ದರೂ ದಯವಿಟ್ಟು ಅವಕಾಶ ಕೊಡಿ' ಅಂತ ಬಂದು, ಕೊನೆಗೆ 'ಯಾವ ಸಮಯಕ್ಕೆ ಬೇಕಾದರೂ ಬರಬಲ್ಲೆ' ಅಂತ ಮುಗಿಯುತ್ತಿತ್ತು.

ಅಂಗಡಿಗಳಿಗೆ ಪಾರ್ಟ್ ಟೈಮ್ ಕೆಲಸದವರನ್ನು ಆರಿಸುವ ಕೆಲಸವನ್ನು ನಾನು ಬಹಳ ವರ್ಷ ಮಾಡಿದ್ದೇನೆ. ಇಂಥ ಪತ್ರ ಕೈಗೆ ಬಂದಾಗ ಓದುವವರ ತಲೆಯಲ್ಲಿ ಇರುವುದು ಮೂರೇ ಪ್ರಶ್ನೆ. ಯಾವ ಕೆಲಸ ಕೇಳುತ್ತಿದ್ದಾರೆ? ಇವರ ಕೈಲಿ ಆ ಕೆಲಸ ಆಗುತ್ತಾ? ನನಗೆ ಜನ ಬೇಕಾದ ಹೊತ್ತಿಗೆ ಇವರು ಬರುತ್ತಾರಾ? ಒಂದೊಂದಕ್ಕೆ ಒಂದು ಪ್ಯಾರಾ ಬರೆದರೆ ಪತ್ರ ಮುಗಿಯಿತು. ಒಟ್ಟು ಅರ್ಧ ಪುಟ, ಜಾಸ್ತಿ ಅಂದರೆ ಮುಕ್ಕಾಲು ಪುಟ. ಅವಳ ಒಂದೂವರೆ ಪುಟದಲ್ಲಿ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇತ್ತು, ಉಳಿದ ಎರಡಕ್ಕೆ ಇರಲಿಲ್ಲ.

ಮೊದಲ ಪ್ಯಾರಾ ಚಿಕ್ಕದು, ಎರಡು ಮೂರು ವಾಕ್ಯ ಸಾಕು. ಯಾವ ಕೆಲಸ, ಅದರ ಬಗ್ಗೆ ಎಲ್ಲಿ ನೋಡಿದೆ ಅಥವಾ ಯಾರು ಹೇಳಿದರು, ಈಗ ಏನು ಮಾಡುತ್ತಿದ್ದೇನೆ, ಇಷ್ಟೇ. 'ನನ್ನ ಹೆಸರು ಇಂಥದ್ದು' ಅಂತ ಶುರು ಮಾಡಬೇಡಿ, ಹೆಸರು ಹೇಗೂ ಕೆಳಗೆ ಇರುತ್ತದೆ. ನಾವು ಅವಳ ಮೊದಲ ಪ್ಯಾರಾವನ್ನು ಹೀಗೆ ಬದಲಿಸಿದೆವು:

"ನಿಮ್ಮ ಅಂಗಡಿಯ ಬಾಗಿಲಲ್ಲಿ ಹಾಕಿರುವ ಸೂಚನೆ ನೋಡಿ, ಸಂಜೆ ಮತ್ತು ಶನಿವಾರದ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ಈ ವರ್ಷ ಶಾಲೆ ಮುಗಿಸಿದ್ದೇನೆ, ಮುಂದಿನ ತಿಂಗಳಿಂದ ಬೆಳಿಗ್ಗೆ ಕಾಲೇಜು ಇರುತ್ತದೆ. ಸ್ಟಾಕ್ ಎಣಿಸಿ ಬರೆದಿಡುವವರು ಬೇಕು ಎಂದು ಕೇಳಿದ್ದೀರಿ, ಅದಕ್ಕೆ ಹತ್ತಿರದ ಕೆಲಸವನ್ನು ಶಾಲೆಯಲ್ಲಿ ಎರಡು ವರ್ಷ ಮಾಡಿದ್ದೇನೆ."

ಕೊನೆಯ ವಾಕ್ಯ ನೋಡಿ. ಸೂಚನೆಯಲ್ಲಿದ್ದ ಒಂದು ಮಾತನ್ನೇ ಹಿಡಿದುಕೊಂಡು ಎರಡನೇ ಪ್ಯಾರಾಗೆ ದಾರಿ ಮಾಡಿಕೊಡುತ್ತದೆ. ನಿಮ್ಮ ಮೊದಲ ಪ್ಯಾರಾವನ್ನು ಹಾಗೇ ಎತ್ತಿ ಬೇರೆ ಯಾವುದೋ ಅಂಗಡಿಗೂ ಕಳಿಸಬಹುದು ಅನ್ನಿಸಿದರೆ, ಸೂಚನೆಯನ್ನು ನೀವು ಸರಿಯಾಗಿ ಓದಿಲ್ಲ ಅಂತ ಅರ್ಥ. ಇನ್ನೊಮ್ಮೆ ಓದಿ. ಅವರು ಕೇಳಿರುವುದರಲ್ಲಿ ನಿಮಗೆ ಹತ್ತಿರವಾದ ಒಂದನ್ನು ಆರಿಸಿಕೊಳ್ಳಿ. ಒಂದೇ ಸಾಕು.

ಎರಡನೇ ಪ್ಯಾರಾ ಬರೆಯಲು ಕೂತಾಗಲೇ ಎಲ್ಲರೂ ನಿಂತುಬಿಡುವುದು. 'ನಾನು ಏನೂ ಮಾಡಿಲ್ಲ' ಅಂತ ಅವಳೂ ಹೇಳಿದಳು. ಸಂಬಳಕ್ಕೆ ದುಡಿದಿಲ್ಲ ಅನ್ನುವುದನ್ನು ಮಕ್ಕಳು ಏನೂ ಮಾಡಿಲ್ಲ ಅಂತಲೇ ಅರ್ಥ ಮಾಡಿಕೊಂಡಿರುತ್ತಾರೆ. ನಾನು ಆಗ ಕೇಳುವುದು ಒಂದೇ ಪ್ರಶ್ನೆ: ನೀನು ಒಂದು ದಿನ ಬರದಿದ್ದರೆ ಶಾಲೆಯಲ್ಲೋ ಮನೆಯಲ್ಲೋ ಯಾವ ಕೆಲಸ ನಿಂತುಹೋಗುತ್ತಿತ್ತು? ಅವಳು ಸ್ವಲ್ಪ ಹೊತ್ತು ಯೋಚಿಸಿ, ಆಟದ ಸಾಮಾನಿನ ಕೋಣೆಯ ಕೀ ನನ್ನ ಹತ್ತಿರ ಇರುತ್ತಿತ್ತು ಅಂದಳು. ಏನು ಮಾಡುತ್ತಿದ್ದೆ? ಚೆಂಡು, ಬ್ಯಾಟು, ನೆಟ್ ಎಲ್ಲ ಕೊಟ್ಟು ವಾಪಸ್ ತಗೊಳ್ಳುತ್ತಿದ್ದೆ. ಎಷ್ಟು ಸಾಮಾನು? ಸುಮಾರು 60. ಕಳೆದುಹೋಗುತ್ತಿರಲಿಲ್ವಾ? ಆಗ ಮುಖ ಅರಳಿತು. ಮೊದಲ ಎರಡು ತಿಂಗಳಲ್ಲಿ ಏಳು ಚೆಂಡು ಹೋದವಂತೆ. ರಿಜಿಸ್ಟರ್‌ನಲ್ಲಿ ಬರೀ ಸಾಮಾನಿನ ಹೆಸರು ಇರುತ್ತಿತ್ತು, ಯಾರು ಒಯ್ದರು ಅನ್ನುವುದು ಇರುತ್ತಿರಲಿಲ್ಲ. ಇವಳು ಸ್ಕೇಲ್ ಇಟ್ಟು ಪ್ರತಿ ಪುಟಕ್ಕೂ ಒಂದು ಕಾಲಂ ಜಾಸ್ತಿ ಎಳೆದು, ತಗೊಂಡವರೇ ಸಹಿ ಮಾಡಬೇಕು ಅಂತ ಮಾಡಿದಳು. ಆಮೇಲೆ ಆ ವರ್ಷ ಪೂರ್ತಿ ಹೋದದ್ದು ಒಂದೇ ಚೆಂಡು.

ಇದು ಸ್ಟಾಕ್ ನೋಡಿಕೊಳ್ಳುವ ಕೆಲಸವೇ ಅಲ್ವಾ? ಆದರೆ ಅವಳ ಪತ್ರದಲ್ಲಿ ಇದರ ಸುಳಿವೇ ಇರಲಿಲ್ಲ. ಅದರ ಜಾಗದಲ್ಲಿ 'ಜವಾಬ್ದಾರಿಯುತ' ಅನ್ನುವ ಒಂದು ಪದ ಇತ್ತು. ಆ ಪದ ನನ್ನ ಮೇಜಿಗೆ ಬರುತ್ತಿದ್ದ ಬಹುಪಾಲು ಪತ್ರಗಳಲ್ಲಿ ಇರುತ್ತಿತ್ತು, ಸಹಿ ಕಾಲಂ ಎಳೆದವಳು ಇವಳೊಬ್ಬಳೇ. ಹೀಗೆ ಬರೆದೆವು:

"ಶಾಲೆಯ ಕೊನೆಯ ಎರಡು ವರ್ಷ ಆಟದ ಸಾಮಾನಿನ ಕೋಣೆಯನ್ನು ನಾನು ನೋಡಿಕೊಳ್ಳುತ್ತಿದ್ದೆ. ಸುಮಾರು 60 ಸಾಮಾನುಗಳನ್ನು ಕೊಟ್ಟು, ವಾಪಸ್ ಪಡೆದು, ಸಂಜೆ ಎಣಿಸಿ ರಿಜಿಸ್ಟರ್‌ನಲ್ಲಿ ಬರೆಯುತ್ತಿದ್ದೆ. ಮೊದಲ ಎರಡು ತಿಂಗಳಲ್ಲಿ 7 ಚೆಂಡುಗಳು ಕಾಣೆಯಾದವು. ಒಯ್ಯುವವರು ಸಹಿ ಮಾಡುವಂತೆ ಒಂದು ಕಾಲಂ ಸೇರಿಸಿದೆ, ಆ ವರ್ಷ ನಂತರ ಕಾಣೆಯಾದದ್ದು ಒಂದೇ. ಬಿಡುವಿನ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ಬರುತ್ತಿದ್ದರು, ಅವರನ್ನು ಸಾಲಾಗಿ ನಿಲ್ಲಿಸಿ ಕೊಡುವುದು ರೂಢಿಯಾಗಿದೆ. ಬಿಲ್ಲಿಂಗ್ ಮಷಿನ್ ಬಳಸಿಲ್ಲ, ಅದನ್ನು ಕಲಿಯಬೇಕಾಗುತ್ತದೆ."

ಕೊನೆಯ ವಾಕ್ಯ ಹಾಕಲು ಅವಳಿಗೆ ಭಯ ಇತ್ತು. ನಾನು ಬಿಡಲಿಲ್ಲ. ಸೂಚನೆಯಲ್ಲಿ ಬಿಲ್ಲಿಂಗ್ ಅಂತ ಸ್ಪಷ್ಟವಾಗಿ ಬರೆದಿದ್ದರು. ಅದರ ಬಗ್ಗೆ ಏನೂ ಹೇಳದಿದ್ದರೆ ಓದುವವರು ತಾವೇ ಏನೋ ಊಹಿಸಿಕೊಳ್ಳುತ್ತಾರೆ. ಒಂದು ವಾಕ್ಯದಲ್ಲಿ ಹೇಳಿಬಿಟ್ಟರೆ ಅದು ಕಲಿಸಬೇಕಾದ ಒಂದು ಸಣ್ಣ ವಿಷಯ ಆಗುತ್ತದೆ, ಅಷ್ಟೇ. 'ಅನುಭವ ಇಲ್ಲದಿದ್ದರೂ' ಅಂತ ಇಡೀ ಪತ್ರದ ತುಂಬಾ ಕ್ಷಮೆ ಕೇಳುವುದಕ್ಕೂ, ಗೊತ್ತಿಲ್ಲದ ಒಂದು ಕೆಲಸವನ್ನು ಹೆಸರಿಟ್ಟು ಹೇಳುವುದಕ್ಕೂ ಬಹಳ ವ್ಯತ್ಯಾಸ ಇದೆ.

ಒಂದೇ ಘಟನೆ ಸಾಕಾ ಅಂತ ಕೇಳುತ್ತಾರೆ. ಸಾಕು. ಮೂರು ಘಟನೆ ತುರುಕಿದರೆ ಒಂದೊಂದಕ್ಕೂ ಅರ್ಧ ವಾಕ್ಯ ಸಿಗುತ್ತದೆ, ಆಗ ಎಣಿಕೆ ಹೋಗುತ್ತದೆ, ಏನು ತಪ್ಪಾಗಿತ್ತು ಅನ್ನುವುದು ಹೋಗುತ್ತದೆ, ಮತ್ತೆ ಅದೇ ಗುಣವಾಚಕಗಳು ಉಳಿಯುತ್ತವೆ. ಮನೆಯ ಕೆಲಸವನ್ನೂ ಬರೆಯಬಹುದು. ತಮ್ಮನನ್ನು ದಿನಾ ಶಾಲೆಗೆ ಬಿಟ್ಟು ಕರೆದುಕೊಂಡು ಬಂದದ್ದು, ಅಜ್ಜಿಯ ಔಷಧಿಯ ಹೊತ್ತು ನೋಡಿಕೊಂಡದ್ದು, ಎಲ್ಲವೂ ಸಮಯಪಾಲನೆಗೆ ಸಾಕ್ಷಿಯೇ. ಎಷ್ಟು ದಿನ, ಎಷ್ಟು ಹೊತ್ತಿಗೆ ಅನ್ನುವುದು ಮಾತ್ರ ಇರಲೇಬೇಕು. ಸುಳ್ಳು ಲೆಕ್ಕ ಬೇಡ. ನೆನಪಿಲ್ಲದಿದ್ದರೆ 'ಸುಮಾರು' ಅಂತ ಹಾಕಿ, ಯಾಕೆಂದರೆ ಸಂದರ್ಶನದಲ್ಲಿ ಮೊದಲು ಕೇಳುವುದೇ ಇದನ್ನು.

ಮೂರನೇ ಪ್ಯಾರಾವನ್ನು ಬಹಳ ಜನ ಧನ್ಯವಾದ ಹೇಳಿ ಮುಗಿಸುತ್ತಾರೆ. ಪಾರ್ಟ್ ಟೈಮ್ ಕೆಲಸಕ್ಕೆ ಅದು ದೊಡ್ಡ ನಷ್ಟ. ಪಾರ್ಟ್ ಟೈಮ್ ಆಳು ಬೇಕು ಅಂತ ಹೊರಟವರ ಕೈಯಲ್ಲಿ ವಾರದ ವೇಳಾಪಟ್ಟಿ ಇರುತ್ತದೆ, ಅದರಲ್ಲಿ ಕೆಲವು ಖಾಲಿ ಜಾಗ ಇರುತ್ತವೆ, ಅವು ತುಂಬಬೇಕು. ಒಳ್ಳೆಯ ಪತ್ರ ಬರೆದ ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾದಾಗ ನಾನು ನೋಡುತ್ತಿದ್ದದ್ದು ಗಂಟೆಗಳನ್ನೇ. 'ಯಾವಾಗ ಬೇಕಾದರೂ ಬರಬಲ್ಲೆ' ಅನ್ನುವುದನ್ನು ನಾನು ನಂಬುತ್ತಿರಲಿಲ್ಲ. ಕಾಲೇಜಿಗೆ ಹೋಗುವವರು ಯಾವಾಗ ಬೇಕಾದರೂ ಬರಲು ಹೇಗೆ ಸಾಧ್ಯ? ಹಾಗೆ ಬರೆದವರೇ ಮೂರನೇ ವಾರಕ್ಕೆ 'ನಾಳೆ ಪರೀಕ್ಷೆ ಇದೆ' ಅಂತ ಹಿಂದಿನ ರಾತ್ರಿ ಫೋನ್ ಮಾಡುತ್ತಿದ್ದರು.

ಅವಳ ಮೂರನೇ ಪ್ಯಾರಾ ಹೀಗಾಯಿತು:

"ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ 4ರಿಂದ 8, ಶನಿವಾರ ಇಡೀ ದಿನ ಬರಬಲ್ಲೆ. ಭಾನುವಾರ ಆಗುವುದಿಲ್ಲ. ಮುಂದಿನ ತಿಂಗಳ 1ರಿಂದ ಶುರು ಮಾಡಬಹುದು. ಪರೀಕ್ಷೆಯ ವಾರಗಳಲ್ಲಿ ಕಡಿಮೆ ಗಂಟೆ ಬೇಕಾಗುತ್ತದೆ, ದಿನಾಂಕ ಗೊತ್ತಾದ ದಿನವೇ ತಿಳಿಸುತ್ತೇನೆ. ನಮ್ಮ ಆಟದ ಶಿಕ್ಷಕರು ನನ್ನ ಕೆಲಸದ ಬಗ್ಗೆ ಮಾತಾಡಲು ಒಪ್ಪಿದ್ದಾರೆ, ಅವರ ನಂಬರ್ ರೆಸ್ಯೂಮ್‌ನಲ್ಲಿದೆ. ಮಧ್ಯಾಹ್ನ 2ರ ನಂತರ ನನಗೆ ಫೋನ್ ಮಾಡಬಹುದು, ಅಂಗಡಿಗೆ ಬಂದು ಮಾತಾಡಲೂ ಸಿದ್ಧಳಿದ್ದೇನೆ."

ಭಾನುವಾರ ಆಗುವುದಿಲ್ಲ ಅಂತ ಬರೆದರೆ ಕೆಲಸ ತಪ್ಪಿಹೋಗಬಹುದು, ನಿಜ. ಅವರಿಗೆ ಭಾನುವಾರವೇ ಬೇಕಿದ್ದರೆ ಈ ಕೆಲಸ ಹೇಗೂ ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಶಿಕ್ಷಕರ ನಂಬರ್ ಕೊಡುವ ಮುಂಚೆ ಅವರನ್ನು ಕೇಳಿ, ಯಾವ ಅಂಗಡಿ, ಯಾವ ಕೆಲಸ ಅಂತ ಹೇಳಿರಿ. ಕೇಳದೆ ಕೊಟ್ಟ ನಂಬರಿಗೆ ನಾನು ಫೋನ್ ಮಾಡಿದಾಗ ಆ ಕಡೆಯವರು 'ಯಾರು? ಯಾವ ಹುಡುಗ?' ಅಂದದ್ದು ಎಷ್ಟೋ ಸಲ ಆಗಿದೆ. 18 ತುಂಬಿಲ್ಲದಿದ್ದರೆ ವಯಸ್ಸನ್ನೂ ಇದೇ ಪ್ಯಾರಾದಲ್ಲಿ ಬರೆಯಿರಿ. ಸಣ್ಣ ವಯಸ್ಸಿನವರು ಎಷ್ಟು ಹೊತ್ತು, ರಾತ್ರಿ ಎಷ್ಟರವರೆಗೆ ಕೆಲಸ ಮಾಡಬಹುದು ಅನ್ನುವುದಕ್ಕೆ ಬಹಳಷ್ಟು ಕಡೆ ಕಾನೂನು ಇರುತ್ತದೆ, ಕೆಲಸ ಕೊಡುವವರು ಅದನ್ನು ಮೊದಲೇ ತಿಳಿದಿರಬೇಕು. ಸಂಬಳದ ಮಾತು ಈ ಪತ್ರದಲ್ಲಿ ಬೇಡ, ಅವರೇ ಕೇಳಿದ್ದರೆ ಮಾತ್ರ ಬರೆಯಿರಿ.

ಈಮೇಲ್‌ನಲ್ಲಿ ಕಳಿಸುವುದಾದರೆ ಮೂರು ಪ್ಯಾರಾಗಳನ್ನೂ ಮೇಲ್‌ನಲ್ಲೇ ಹಾಕಿ, ರೆಸ್ಯೂಮ್ ಮಾತ್ರ ಲಗತ್ತಿಸಿ. ಪತ್ರವನ್ನು ಬೇರೆ ಫೈಲ್ ಆಗಿ ಕೇಳಿದ್ದರೆ ಆಗ ಫೈಲ್ ಮಾಡಿ. ಸಬ್ಜೆಕ್ಟ್ ಸಾಲಿನಲ್ಲಿ ಕೆಲಸದ ಹೆಸರು, ನಿಮ್ಮ ಹೆಸರು. ಆನ್‌ಲೈನ್ ಅರ್ಜಿಯಲ್ಲಿ ಸಣ್ಣ ಬಾಕ್ಸ್ ಕೊಟ್ಟಿದ್ದರೆ ಮೂರು ಪ್ಯಾರಾ ಮೂರು ವಾಕ್ಯ ಆಗಲಿ, ಕ್ರಮ ಅದೇ. ಇನ್ನೊಂದು ಅಂಗಡಿಗೆ ಕಳಿಸುವಾಗ ಎರಡನೇ ಪ್ಯಾರಾವನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಳ್ಳಬಹುದು, ಮೊದಲನೆಯದನ್ನು ಮಾತ್ರ ಹೊಸದಾಗಿ ಬರೆಯಿರಿ. ಹಳೆಯ ಅಂಗಡಿಯ ಹೆಸರು ಉಳಿದುಹೋದ ಪತ್ರವನ್ನು ನಾನಂತೂ ಮುಂದೆ ಓದುತ್ತಿರಲಿಲ್ಲ. ಕಳಿಸುವ ಮುಂಚೆ ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಓದುವಾಗ ನಾಲಿಗೆ ತಡವರಿಸಿದ ಜಾಗದಲ್ಲಿ ವಾಕ್ಯ ಉದ್ದವಾಗಿದೆ, ಮುರಿದು ಎರಡು ಮಾಡಿ.

ಪತ್ರದ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ, ಮಾತಾಡಲು ಹೋಗುವಾಗ ಇನ್ನೊಮ್ಮೆ ಓದಿಕೊಂಡು ಹೋಗಿ. ಅವಳನ್ನು ನಾಲ್ಕನೇ ದಿನ ಕರೆದರು. ಅಂಗಡಿಯವರು ಮೊದಲು ಕೇಳಿದ್ದು ಆ ಸಹಿ ಕಾಲಂ ಬಗ್ಗೆ: ಸಹಿ ಮಾಡಲು ಒಪ್ಪದವರಿಗೆ ಏನು ಮಾಡುತ್ತಿದ್ದೆ? ಅವಳ ಹತ್ತಿರ ಅದಕ್ಕೂ ಉತ್ತರ ಇತ್ತು.